ತ್ರಿಕೋನ ಮತ್ತು ತ್ರಾಪಿಜ್ಯ ಭಾರ ಹೊತ್ತ ತೊಲೆ: ಸ್ಥಿರ ತುದಿಯ ಮೊಮೆಂಟ್ ಲೆಕ್ಕ ಹಾಕುವ ಕ್ರಮ

ಎರಡೂ ತುದಿಗಳಲ್ಲಿ ಬಿಗಿಯಾಗಿ ಹಿಡಿದ ತೊಲೆಯ ಮೇಲೆ ಭಾರ ಸಮನಾಗಿ ಹರಡಿದ್ದರೆ ಲೆಕ್ಕ ತಪ್ಪುವವರು ಕಡಿಮೆ. ಅದೇ ಭಾರ ತ್ರಿಕೋನಾಕಾರದಲ್ಲಿದ್ದರೆ, ಅಥವಾ ತೊಲೆಯ ಒಂದು ಭಾಗದ ಮೇಲೆ ಮಾತ್ರ ತ್ರಾಪಿಜ್ಯವಾಗಿ ಕುಳಿತಿದ್ದರೆ, ಸ್ಥಿರ ತುದಿಯ ಮೊಮೆಂಟ್ (ಫಿಕ್ಸೆಡ್ ಎಂಡ್ ಮೊಮೆಂಟ್) ಮತ್ತೆ ಮತ್ತೆ ತಪ್ಪಾಗಿ ಬರುತ್ತದೆ. ಆ ತಪ್ಪುಗಳಲ್ಲಿ ಹೆಚ್ಚಿನವು ಎರಡು ಜಾಗಗಳಿಂದ ಹುಟ್ಟುತ್ತವೆ. ಹರಡಿದ ಭಾರವನ್ನು ಗುರುತ್ವ ಕೇಂದ್ರದಲ್ಲಿ ಒಂದೇ ಬಿಂದು ಭಾರವಾಗಿ ಇಟ್ಟುಕೊಳ್ಳುವುದು ಮೊದಲನೆಯದು. ಬಂದ ಉತ್ತರವನ್ನು, ತಪ್ಪನ್ನು ಎಂದೂ ತೋರಿಸಿಕೊಡದ ವಿಧಾನದಿಂದ ಪರೀಕ್ಷಿಸಿ ಸಮಾಧಾನಪಡುವುದು ಎರಡನೆಯದು. ಕೆಳಗಿನ ಹಂತಗಳನ್ನು ಈ ಎರಡನ್ನೂ ತಡೆಯುವಂತೆ ಜೋಡಿಸಲಾಗಿದೆ.

## ಬೇಕಾಗುವ ಸಾಮಗ್ರಿ ಮತ್ತು ಉದಾಹರಣೆಯ ತೊಲೆ

ಒಂದು ಹಾಳೆ, ಪೆನ್ಸಿಲ್ ಮತ್ತು ಸಾಮಾನ್ಯ ಕ್ಯಾಲ್ಕುಲೇಟರ್ ಸಾಕು. ಅನುಕಲನದಲ್ಲಿ s, s², s³, s⁴ ಈ ಘಾತಗಳನ್ನು ಅನುಕಲಿಸಲು ತಿಳಿದಿದ್ದರೆ ಬೇರೆ ಗಣಿತದ ಅಗತ್ಯವಿಲ್ಲ.

ಮಾರ್ಗದರ್ಶಿಯುದ್ದಕ್ಕೂ ಒಂದೇ ತೊಲೆಯನ್ನು ಬಳಸೋಣ. ಸ್ಪ್ಯಾನ್ L = 6 ಮೀಟರ್. ಎಡ ತುದಿ A, ಬಲ ತುದಿ B. A ಯಿಂದ ಮೊದಲ 2 ಮೀಟರ್ ಖಾಲಿ. ಅಲ್ಲಿಂದ B ವರೆಗಿನ 4 ಮೀಟರ್ ಉದ್ದಕ್ಕೆ ಭಾರವಿದೆ. ಭಾರ ಶುರುವಾಗುವಲ್ಲಿ ಅದರ ತೀವ್ರತೆ ಪ್ರತಿ ಮೀಟರಿಗೆ 12 ಕಿಲೋನ್ಯೂಟನ್, B ಯಲ್ಲಿ 36 ಕಿಲೋನ್ಯೂಟನ್. ನಡುವೆ ಸರಳರೇಖೆಯಲ್ಲಿ ಏರುತ್ತದೆ. ತೊಲೆಯ ಅಡ್ಡಕೊಯ್ತ ಎಲ್ಲೆಡೆ ಒಂದೇ.

## ಹಂತ 1: ಚಿತ್ರ ಬರೆದು, ಅಳತೆ ಯಾವ ತುದಿಯಿಂದ ಎಂದು ನಿಶ್ಚಯಿಸಿ

ಸೂತ್ರ ಹುಡುಕುವ ಮೊದಲು ಭಾರದ ಚಿತ್ರ ಬರೆಯಿರಿ. ಪ್ರತಿ ಮೂಲೆಯಲ್ಲೂ ಎರಡು ಸಂಖ್ಯೆಗಳಿರಬೇಕು: ಆ ಬಿಂದುವಿನ ದೂರ ಮತ್ತು ಅಲ್ಲಿನ ತೀವ್ರತೆ. ನಂತರ ಅಳತೆಯ ಮೂಲಬಿಂದುವನ್ನು ಆರಿಸಿಕೊಳ್ಳಿ. ಭಾರ ಒಂದು ತುದಿಗೆ ತಗಲಿಕೊಂಡಿದ್ದರೆ ಆ ತುದಿಯಿಂದಲೇ ಅಳೆಯುವುದು ಲೇಸು, ಏಕೆಂದರೆ ಅನುಕಲನದ ಕೆಳಮಿತಿ ಸೊನ್ನೆಯಾಗಿ ಅರ್ಧ ಕೆಲಸ ಕಡಿಮೆಯಾಗುತ್ತದೆ. ನಮ್ಮ ತೊಲೆಯಲ್ಲಿ B ಯಿಂದ ಅಳೆದ ದೂರವನ್ನು s ಎನ್ನೋಣ. ಭಾರದ ಉದ್ದ c = 4 ಮೀಟರ್, ತೀವ್ರತೆ 36 − 6s.

ಈ ಸಾಲನ್ನು ಬರೆದ ಕೂಡಲೇ ಎರಡೂ ಕೊನೆಗಳಲ್ಲಿ ಬೆಲೆ ಹಾಕಿ ನೋಡಿ. s = 0 ಆದಾಗ 36, s = 4 ಆದಾಗ 12 ಬರಬೇಕು. ಇಳಿಜಾರನ್ನು 4 ಮೀಟರಿನ ಬದಲು ಇಡೀ ಸ್ಪ್ಯಾನಿನಿಂದ ಭಾಗಿಸಿ 36 − 4s ಎಂದು ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ಈ ಅರ್ಧ ನಿಮಿಷದ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ, ಮುಂದೆ ಎಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಚಿಹ್ನೆಗಳ ವಿಷಯವನ್ನು ಸದ್ಯಕ್ಕೆ ಬದಿಗಿಡಿ. ಹಂತ 5 ರವರೆಗೆ M_A ಮತ್ತು M_B ಎರಡನ್ನೂ ಕೇವಲ ಪರಿಮಾಣಗಳೆಂದು, ಅಂದರೆ ತೊಲೆಯ ಮೇಲ್ಭಾಗದಲ್ಲಿ ಎಳೆತ ಹುಟ್ಟಿಸುವ ಹಾಗಿಂಗ್ ಮೊಮೆಂಟ್‌ಗಳೆಂದು ತಿಳಿಯಿರಿ.

## ಹಂತ 2: ಭಾರವನ್ನು ತೆಳುವಾದ ಪಟ್ಟಿಗಳಾಗಿ ನೋಡಿ

ಇಡೀ ಲೆಕ್ಕ ನಿಂತಿರುವುದು ಬಿಂದು ಭಾರದ ಒಂದು ಜೋಡಿ ಸೂತ್ರದ ಮೇಲೆ. B ಯಿಂದ s ದೂರದಲ್ಲಿ P ಭಾರವಿದ್ದರೆ:

```
M_B = P · s · (L − s)² / L²
M_A = P · s² · (L − s) / L²
```

ಹರಡಿದ ಭಾರದ ds ಅಗಲದ ಪ್ರತಿ ಪಟ್ಟಿಯೂ w(s)·ds ಪ್ರಮಾಣದ ಬಿಂದು ಭಾರ. ಆದ್ದರಿಂದ P ಜಾಗದಲ್ಲಿ w(s)·ds ಇಟ್ಟು, ಭಾರವಿರುವ ಉದ್ದಕ್ಕೆ ಮಾತ್ರ ಅನುಕಲಿಸಿದರೆ ಉತ್ತರ ಬರುತ್ತದೆ. ಭಾರದ ಆಕಾರ ಎಂಥದೇ ಇರಲಿ, ವಿಧಾನ ಇದೇ.

ಭಾರವನ್ನೆಲ್ಲ ಗುರುತ್ವ ಕೇಂದ್ರದಲ್ಲಿ ಒಟ್ಟುಗೂಡಿಸಬಾರದು ಎನ್ನುವುದಕ್ಕೆ ಕಾರಣವೂ ಇದೇ ಸೂತ್ರದಲ್ಲಿದೆ. ಸರಳ ಆಧಾರದ ತೊಲೆಯ ಪ್ರತಿಕ್ರಿಯೆ s ನ ಮೊದಲ ಘಾತವನ್ನು ಮಾತ್ರ ಅವಲಂಬಿಸಿದೆ, ಹಾಗಾಗಿ ಅಲ್ಲಿ ಸರಾಸರಿ ದೂರ ಸಾಕಾಗುತ್ತದೆ. ಸ್ಥಿರ ತುದಿಯ ಮೊಮೆಂಟ್ s ನ ಮೂರನೇ ಘಾತದವರೆಗೆ ಹೋಗುತ್ತದೆ. ದೂರಗಳ ಸರಾಸರಿಯ ಘನ ಬೇರೆ, ಘನಗಳ ಸರಾಸರಿ ಬೇರೆ.

ನಮ್ಮ ತೊಲೆಯಲ್ಲಿ ಈ ತಪ್ಪು ಮಾಡಿದರೆ ಏನಾಗುತ್ತದೆ ನೋಡಿ. ಒಟ್ಟು ಭಾರ 96 ಕಿಲೋನ್ಯೂಟನ್, ಗುರುತ್ವ ಕೇಂದ್ರ B ಯಿಂದ 1.667 ಮೀಟರ್. ಅಲ್ಲಿ ಬಿಂದು ಭಾರವಿಟ್ಟರೆ M_B = 83.5, M_A = 32.1 ಕಿಲೋನ್ಯೂಟನ್-ಮೀಟರ್ ಬರುತ್ತದೆ. ಸರಿಯಾದ ಉತ್ತರ, ಮುಂದಿನ ಹಂತದಲ್ಲಿ ಕಾಣುವಂತೆ, 61.87 ಮತ್ತು 34.13. ಒಂದು ತುದಿಯಲ್ಲಿ ಶೇಕಡಾ 35 ರಷ್ಟು ಹೆಚ್ಚು, ಇನ್ನೊಂದರಲ್ಲಿ ಶೇಕಡಾ 6 ರಷ್ಟು ಕಡಿಮೆ. ‘ಹೆಚ್ಚು ಬಂದರೆ ಸುರಕ್ಷಿತ ತಾನೇ’ ಎಂಬ ವಾದಕ್ಕೆ ಇಲ್ಲಿ ಆಧಾರವಿಲ್ಲ, ಏಕೆಂದರೆ A ತುದಿಗೆ ಕೊಡಬೇಕಾದಷ್ಟು ಬಲವನ್ನು ಕೊಟ್ಟಂತಾಗಲಿಲ್ಲ.

## ಹಂತ 3: ಆಯತ ಮತ್ತು ತ್ರಿಕೋನವಾಗಿ ಒಡೆದು ಲೆಕ್ಕ ಹಾಕಿ

ತ್ರಾಪಿಜ್ಯವನ್ನು ನೇರವಾಗಿ ಅನುಕಲಿಸಬಹುದು, ಆದರೆ ಕೈಲೆಕ್ಕದಲ್ಲಿ ಅದನ್ನು ಆಯತ ಮತ್ತು ತ್ರಿಕೋನವಾಗಿ ಒಡೆಯುವುದೇ ಒಳ್ಳೆಯದು. ಎರಡರ ಉತ್ತರಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದು ಎಂಬುದು ಇದರ ದೊಡ್ಡ ಅನುಕೂಲ. B ತುದಿಗೆ ತಗಲಿಕೊಂಡ, c ಉದ್ದದ ಭಾರಗಳಿಗೆ ಅನುಕಲನದಿಂದ ದೊರೆಯುವ ಸೂತ್ರಗಳು ಇವು. q ಆಯತದ ತೀವ್ರತೆ, w ಎಂಬುದು B ಯಲ್ಲಿ ಶಿಖರವಿದ್ದು ಒಳಕ್ಕೆ ಸೊನ್ನೆಗಿಳಿಯುವ ತ್ರಿಕೋನದ ಗರಿಷ್ಠ ತೀವ್ರತೆ.

```
ಆಯತ:    M_B = q c² (6L² − 8Lc + 3c²) / (12 L²)
        M_A = q c³ (4L − 3c) / (12 L²)

ತ್ರಿಕೋನ:  M_B = w c² (10L² − 10Lc + 3c²) / (60 L²)
        M_A = w c³ (5L − 3c) / (60 L²)
```

ಯಾವುದೇ ಸೂತ್ರವನ್ನು ಬಳಸುವ ಮೊದಲು c = L ಎಂದು ಇಟ್ಟು ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ಆಯತದಲ್ಲಿ ಎರಡೂ ತುದಿಗೆ qL²/12 ಬರಬೇಕು. ತ್ರಿಕೋನದಲ್ಲಿ ಶಿಖರದ ತುದಿಗೆ wL²/20, ಸೊನ್ನೆಯ ತುದಿಗೆ wL²/30 ಬರಬೇಕು. ಹಾಗೆ ಬರದಿದ್ದರೆ ಸೂತ್ರವನ್ನು ನಕಲು ಮಾಡುವಾಗ ಎಲ್ಲೋ ಅಂಕಿ ಬದಲಾಗಿದೆ ಎಂದೇ ಅರ್ಥ.

ಈಗ ನಮ್ಮ ಭಾರವನ್ನು ಒಡೆಯೋಣ. ಆಯತದ ತೀವ್ರತೆ 12; ತ್ರಿಕೋನದ ಶಿಖರ 36 − 12 = 24. ತ್ರಿಕೋನಕ್ಕೆ 36 ನ್ನೇ ಹಾಕುವುದು ಇಲ್ಲಿ ಕಾದು ಕುಳಿತಿರುವ ತಪ್ಪು. ಹಾಗೆ ಮಾಡಿದರೆ ಆಯತದ ಅರ್ಧದಷ್ಟು ಭಾರವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ಎರಡು ತುಂಡುಗಳ ಒಟ್ಟು ಭಾರ 48 + 48 = 96 ಕಿಲೋನ್ಯೂಟನ್, ಅಂದರೆ ಮೂಲ ತ್ರಾಪಿಜ್ಯದ ಒಟ್ಟು ಭಾರಕ್ಕೆ ಸಮ ಎಂದು ಖಚಿತಪಡಿಸಿಕೊಂಡೇ ಮುಂದುವರಿಯಿರಿ.

ಆಯತದಿಂದ:

```
M_B = 12 × 16 × (216 − 192 + 48) / 432 = 32.00
M_A = 12 × 64 × (24 − 12) / 432       = 21.33
```

ತ್ರಿಕೋನದಿಂದ:

```
M_B = 24 × 16 × (360 − 240 + 48) / 2160 = 29.87
M_A = 24 × 64 × (30 − 12) / 2160       = 12.80
```

ಕೂಡಿಸಿದರೆ M_B = 61.87, M_A = 34.13 ಕಿಲೋನ್ಯೂಟನ್-ಮೀಟರ್.

ಭಾರ ಇಡೀ ಸ್ಪ್ಯಾನಿನ ಮೇಲೆ A ಯಲ್ಲಿ w1 ರಿಂದ B ಯಲ್ಲಿ w2 ರವರೆಗೆ ಬದಲಾಗುತ್ತಿದ್ದರೆ ಇಷ್ಟು ಶ್ರಮ ಬೇಡ. ಆಗ M_A = L²(3w1 + 2w2)/60, M_B = L²(2w1 + 3w2)/60. ಭಾರ ಎರಡೂ ತುದಿಗಳನ್ನು ಮುಟ್ಟದೆ ನಡುವೆಲ್ಲೋ ನಿಂತಿದ್ದರೆ, ತುದಿಗೆ ತಗಲಿಕೊಂಡ ದೊಡ್ಡ ಭಾರದಿಂದ ಚಿಕ್ಕದನ್ನು ಕಳೆಯುವುದು ಒಂದು ದಾರಿ. ಆದರೆ ಏರಿಳಿತದ ರೇಖೆಯನ್ನು ತುದಿಯವರೆಗೆ ಎಳೆದಾಗ ಕಳೆಯಬೇಕಾದ ತುಂಡಿನ ಆಕಾರವೂ ತ್ರಾಪಿಜ್ಯವೇ ಆಗಬಹುದು, ಅಲ್ಲಿ ಗೊಂದಲ ಸಹಜ. ಅಂಥ ಕಡೆ ಹಂತ 2 ರ ಅನುಕಲನವನ್ನೇ ನೇರವಾಗಿ ಮಾಡುವುದು ಹೆಚ್ಚು ನಂಬಿಕೆಯ ದಾರಿ ಎಂಬುದು ನನ್ನ ಅಭಿಪ್ರಾಯ.

## ಹಂತ 4: ತಪ್ಪನ್ನು ನಿಜವಾಗಿ ಹಿಡಿಯುವ ಪರೀಕ್ಷೆ

ಸಮತೋಲನದ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ತುದಿ ಮೊಮೆಂಟ್‌ಗಳಿಂದ ಪ್ರತಿಕ್ರಿಯೆಗಳನ್ನು ಪಡೆದು, A ಯಿಂದ B ವರೆಗೆ ಮೊಮೆಂಟ್ ಲೆಕ್ಕ ಹಾಕುತ್ತ ಹೋದರೆ ಕೊನೆಯಲ್ಲಿ ಅದೇ M_B ಸಿಗುತ್ತದೆ, ಲೆಕ್ಕ ಸರಿಯಾಯಿತೆಂದು ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ M_A ಮತ್ತು M_B ಗೆ ಮನಸ್ಸಿಗೆ ಬಂದ ಯಾವ ಸಂಖ್ಯೆ ಕೊಟ್ಟರೂ ಆ ಪರೀಕ್ಷೆ ಪಾಸಾಗುತ್ತದೆ. ಸ್ಥಿರ ತುದಿಯ ಮೊಮೆಂಟ್‌ಗಳನ್ನು ನಿರ್ಧರಿಸುವುದು ಸಮತೋಲನವಲ್ಲ. ತುದಿಗಳಲ್ಲಿ ತೊಲೆ ತಿರುಗಬಾರದು ಎಂಬ ಷರತ್ತು.

ಆ ಷರತ್ತಿನಿಂದ ಬರುವ ಸುಲಭವಾದ ಪರೀಕ್ಷೆ ಹೀಗಿದೆ. ಹಂತ 2 ರ ಎರಡು ಸೂತ್ರಗಳನ್ನು ಕೂಡಿಸಿದರೆ P·s·(L − s)/L ಮಾತ್ರ ಉಳಿಯುತ್ತದೆ. ಆದ್ದರಿಂದ ಯಾವುದೇ ಹರಡಿದ ಭಾರಕ್ಕೂ:

```
M_A + M_B = (1/L) ∫ w(s) · s · (L − s) ds
```

ನಮ್ಮ ತೊಲೆಗೆ ಇದನ್ನು s = 0 ಯಿಂದ 4 ರವರೆಗೆ ಅನುಕಲಿಸಿದರೆ ಸರಿಯಾಗಿ 96.0 ಬರುತ್ತದೆ, 61.87 + 34.13 ಕೂಡ 96.0. (ಒಟ್ಟು ಭಾರವೂ 96 ಕಿಲೋನ್ಯೂಟನ್ ಆಗಿರುವುದು ಈ ಅಂಕಿಗಳ ಕಾಕತಾಳೀಯ, ಅದನ್ನು ನಿಯಮವೆಂದು ತಿಳಿಯಬೇಡಿ.) ಗುರುತ್ವ ಕೇಂದ್ರದಲ್ಲಿ ಒಟ್ಟುಗೂಡಿಸಿದವರ ಮೊತ್ತ 115.6. ಹಾಗೆ ಒಟ್ಟುಗೂಡಿಸಿದಾಗ ಒಂದು ತುದಿಯ ಉತ್ತರ ಕಡಿಮೆಯಾದರೂ ಮೊತ್ತ ಮಾತ್ರ ಯಾವಾಗಲೂ ನಿಜವಾದುದಕ್ಕಿಂತ ಹೆಚ್ಚೇ ಬರುತ್ತದೆ. ಆದ್ದರಿಂದ ಮೊತ್ತ ಮೇಲಕ್ಕೆ ಹೋಗಿದ್ದರೆ ಮೊದಲು ಅನುಮಾನಿಸಬೇಕಾದ ತಪ್ಪು ಅದೇ.

ಈ ಪರೀಕ್ಷೆಗೂ ಒಂದು ಮಿತಿ ಇದೆ. M_A ಮತ್ತು M_B ಅದಲುಬದಲಾಗಿದ್ದರೆ ಮೊತ್ತ ಬದಲಾಗುವುದಿಲ್ಲ. ಹಾಗಾಗಿ ಎರಡೂ ತುದಿಗಳನ್ನು ಒಂದೊಂದಾಗಿ ಪರೀಕ್ಷಿಸಲು ಸಿಂಪ್ಸನ್ ನಿಯಮವನ್ನು ಬಳಸಿ. ಭಾರವಿರುವ 4 ಮೀಟರನ್ನು ಒಂದೊಂದು ಮೀಟರಿನ ನಾಲ್ಕು ಪಟ್ಟಿಗಳಾಗಿ ಮಾಡಿ, ಪ್ರತಿ ಬಿಂದುವಿನಲ್ಲಿ w·s·(6 − s)²/36 ಎಷ್ಟೆಂದು ಬರೆಯಿರಿ:

```
s      0      1       2       3      4
w      36     30      24      18     12
ಬೆಲೆ    0    20.83   21.33   13.50   5.33
```

ಎರಡೂ ತುದಿಯ ಬೆಲೆಗಳನ್ನು ಒಂದೊಂದು ಬಾರಿ, s = 1 ಮತ್ತು s = 3 ರವನ್ನು ನಾಲ್ಕು ಬಾರಿ, ನಡುವಿನದನ್ನು ಎರಡು ಬಾರಿ ತೆಗೆದುಕೊಂಡು ಕೂಡಿಸಿ 3 ರಿಂದ ಭಾಗಿಸಿದರೆ 61.78. ಇದೇ ರೀತಿ M_A ಗೆ 34.22 ಬರುತ್ತದೆ. ನಿಜವಾದ ಉತ್ತರಕ್ಕೂ ಇವಕ್ಕೂ ಇರುವ ವ್ಯತ್ಯಾಸ 0.09 ಮಾತ್ರ, ಒಂದು ಕಡೆ ಅಷ್ಟು ಕಡಿಮೆ, ಇನ್ನೊಂದು ಕಡೆ ಅಷ್ಟೇ ಹೆಚ್ಚು. ಸಿಂಪ್ಸನ್ ನಿಯಮ ಮೂರನೇ ಘಾತದವರೆಗೆ ಮಾತ್ರ ನಿಖರ, ನಮ್ಮ ಪದ ನಾಲ್ಕನೇ ಘಾತದ್ದು, ಆದ್ದರಿಂದ ಈ ಸಣ್ಣ ವ್ಯತ್ಯಾಸ ಸಹಜ. ಮೊತ್ತದ ಪದ ಮೂರನೇ ಘಾತದ್ದಾದ್ದರಿಂದ 61.78 + 34.22 ಮತ್ತೆ ಸರಿಯಾಗಿ 96.0 ಆಗುತ್ತದೆ. ಪಟ್ಟಿಗಳ ಸಂಖ್ಯೆ ಸಮವಾಗಿರಬೇಕು, ಭಾರ ಶುರುವಾಗುವ ಅಥವಾ ತಿರುವು ಪಡೆಯುವ ಬಿಂದುವಿನ ಆಚೀಚೆ ಬೇರೆಬೇರೆಯಾಗಿ ನಿಯಮವನ್ನು ಹಚ್ಚಬೇಕು. ಖಾಲಿ ಇರುವ 2 ಮೀಟರನ್ನೂ ಸೇರಿಸಿ ಒಟ್ಟಿಗೆ ಮಾಡಿದರೆ ಉತ್ತರ ಕೆಡುತ್ತದೆ.

ಭಾರ ತುದಿಗೆ ವಾಲಿದಷ್ಟೂ ಆ ತುದಿಯ ಮೊಮೆಂಟ್ ಏರುತ್ತಲೇ ಹೋಗುತ್ತದೆ ಎಂಬ ಊಹೆಯ ಮೇಲೆ ಉತ್ತರವನ್ನು ಅಳೆಯಬೇಡಿ. s·(L − s)² ಎಂಬ ಪದ s = L/3 ರಲ್ಲಿ ಗರಿಷ್ಠವಾಗಿ, ಆಧಾರದ ಹತ್ತಿರ ಬರುತ್ತ ಸೊನ್ನೆಗೆ ಇಳಿಯುತ್ತದೆ. ಇದೇ 96 ಕಿಲೋನ್ಯೂಟನ್ ಅದೇ 4 ಮೀಟರಿನ ಮೇಲೆ ಸಮನಾಗಿ ಹರಡಿದ್ದರೆ M_B = 64.0. ನಮ್ಮ ಭಾರ B ಯ ಕಡೆಗೆ ವಾಲಿದ್ದರೂ 61.87 ಕ್ಕೆ ಇಳಿದಿದೆ, ಅದು ತಪ್ಪಲ್ಲ.

## ಹಂತ 5: ಚಿಹ್ನೆ ಕೊಟ್ಟು, ಪ್ರತಿಕ್ರಿಯೆ ಮತ್ತು ನಡುವಿನ ಮೊಮೆಂಟ್ ಪಡೆಯಿರಿ

ಈಗ ಮಾತ್ರ ಚಿಹ್ನೆಗಳನ್ನು ಹಾಕಿ. ಮೊಮೆಂಟ್ ಡಿಸ್ಟ್ರಿಬ್ಯೂಷನ್ ವಿಧಾನದಲ್ಲಿ ತೊಲೆಯ ತುದಿಯ ಮೇಲೆ ಪ್ರದಕ್ಷಿಣವಾಗಿ ವರ್ತಿಸುವುದನ್ನು ಧನ ಎಂದುಕೊಂಡರೆ, ಕೆಳಮುಖ ಭಾರಕ್ಕೆ ಎಡ ತುದಿಯದು −34.13, ಬಲ ತುದಿಯದು +61.87. ಎರಡಕ್ಕೂ ಒಂದೇ ಚಿಹ್ನೆ ಬಂದಿದ್ದರೆ ನೀವು ಹಾಗಿಂಗ್-ಸ್ಯಾಗಿಂಗ್ ಪದ್ಧತಿಯನ್ನೂ ಪ್ರದಕ್ಷಿಣ ಪದ್ಧತಿಯನ್ನೂ ಬೆರೆಸಿದ್ದೀರಿ ಎಂದು ತಿಳಿಯಿರಿ.

ಪ್ರತಿಕ್ರಿಯೆಗೆ ಮೊದಲು ಸರಳ ಆಧಾರದ ಬೆಲೆ ತೆಗೆದುಕೊಳ್ಳಿ: A ಯಲ್ಲಿ 26.67, B ಯಲ್ಲಿ 69.33 ಕಿಲೋನ್ಯೂಟನ್. ಇಲ್ಲಿ ಗುರುತ್ವ ಕೇಂದ್ರ ಬಳಸಿದ್ದು ಸರಿಯೇ. ನಂತರ (61.87 − 34.13)/6 = 4.62 ನ್ನು ದೊಡ್ಡ ಮೊಮೆಂಟ್ ಇರುವ B ಗೆ ಕೂಡಿಸಿ, A ಯಿಂದ ಕಳೆಯಿರಿ. R_A = 22.04, R_B = 73.96. ಈ ತಿದ್ದುಪಡಿಯನ್ನು ಹಿಂದುಮುಂದಾಗಿ ಮಾಡಿದರೂ ಮೊತ್ತ 96 ಆಗಿಯೇ ಇರುವುದರಿಂದ, ದಿಕ್ಕನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಗರಿಷ್ಠ ಸ್ಯಾಗಿಂಗ್ ಮೊಮೆಂಟ್ ಶಿಯರ್ ಸೊನ್ನೆಯಾಗುವಲ್ಲಿ ಬರುತ್ತದೆ. ಭಾರ ಶುರುವಾದ ಜಾಗದಿಂದ u ದೂರದಲ್ಲಿ 22.04 − 12u − 3u² = 0 ಎಂದರೆ u = 1.369, ಅಂದರೆ A ಯಿಂದ 3.37 ಮೀಟರ್. ಅಲ್ಲಿನ ಮೊಮೆಂಟ್ 26.3, ಸರಿಯಾಗಿ ಮಧ್ಯದಲ್ಲಿ 25.0. ಈ ತೊಲೆಯಲ್ಲಿ ವ್ಯತ್ಯಾಸ ಸಣ್ಣದು, ಭಾರ ಇನ್ನೂ ಹೆಚ್ಚು ಒಂದು ಬದಿಗಿದ್ದರೆ ಮಧ್ಯದ ಬೆಲೆಯನ್ನು ನಂಬಬಾರದು.

## ಹಂತ 6: ಸ್ಲ್ಯಾಬಿನಿಂದ ಬರುವ ಸಮಮಿತ ಭಾರ

ನಾಲ್ಕೂ ಬದಿ ತೊಲೆಗಳ ಮೇಲೆ ಕೂತ ಸ್ಲ್ಯಾಬ್ ತನ್ನ ಭಾರವನ್ನು 45 ಡಿಗ್ರಿ ರೇಖೆಗಳ ಗುಂಟ ಹಂಚುತ್ತದೆ ಎಂದು ಭಾವಿಸಿದಾಗ ಉದ್ದದ ತೊಲೆಗೆ ತ್ರಾಪಿಜ್ಯ, ಗಿಡ್ಡ ತೊಲೆಗೆ ನಡುವೆ ಶಿಖರವಿರುವ ತ್ರಿಕೋನ ಬರುತ್ತದೆ. ಭಾರದ ಗರಿಷ್ಠ ತೀವ್ರತೆ w, ಒಂದು ಇಳಿಜಾರಿನ ಅಡ್ಡಳತೆ a ಆಗಿದ್ದರೆ ಎರಡೂ ತುದಿಗಳಲ್ಲಿ ಒಂದೇ ಮೊಮೆಂಟ್:

```
M = w (L³ − 2a²L + a³) / (12 L)
```

a = L/2 ಎಂದು ಇಟ್ಟರೆ ತ್ರಿಕೋನದ 5wL²/96 ಸಿಗುತ್ತದೆ, a = 0 ಎಂದರೆ wL²/12. ಚದರ ಮೀಟರಿಗೆ 10 ಕಿಲೋನ್ಯೂಟನ್ ಹೊತ್ತ 4 × 6 ಮೀಟರ್ ಸ್ಲ್ಯಾಬಿನ ಒಂದು ಬದಿಯಿಂದ w = 20, a = 2. ಉದ್ದದ ತೊಲೆಗೆ 48.9, ಗಿಡ್ಡ ತೊಲೆಗೆ 16.7 ಕಿಲೋನ್ಯೂಟನ್-ಮೀಟರ್.

ಇಲ್ಲಿ ಎಚ್ಚರ ಬೇಕಾದದ್ದು ‘ಸಮಾನ ಏಕರೂಪ ಭಾರ’ ಎಂಬ ಅಡ್ಡದಾರಿಯ ವಿಷಯದಲ್ಲಿ. ಗಿಡ್ಡ ತೊಲೆಯ ತ್ರಿಕೋನಕ್ಕೆ ಸಮಾನ ಭಾರ ಎಷ್ಟು ಎಂಬುದು ಅದನ್ನು ಯಾವುದಕ್ಕೆ ಬಳಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಪ್ರತಿಕ್ರಿಯೆಗೆ ಅದು w ನ ಅರ್ಧ, ಸರಳ ಆಧಾರದ ತೊಲೆಯ ನಡುವಿನ ಮೊಮೆಂಟಿಗೆ ಮೂರರಲ್ಲಿ ಎರಡು ಭಾಗ, ಸ್ಥಿರ ತುದಿಯ ಮೊಮೆಂಟಿಗೆ ಎಂಟರಲ್ಲಿ ಐದು ಭಾಗ. ಪ್ರತಿಕ್ರಿಯೆಗೆಂದು ತೆಗೆದ 10 ನ್ನು wL²/12 ರಲ್ಲಿ ಹಾಕಿದರೆ 16.7 ರ ಜಾಗದಲ್ಲಿ 13.3 ಬರುತ್ತದೆ, ಶೇಕಡಾ 20 ಕಡಿಮೆ. ಕೋಷ್ಟಕದಿಂದ ಸಮಾನ ಭಾರ ಎತ್ತಿಕೊಳ್ಳುವಾಗ ಅದರ ಮೇಲಿನ ಶೀರ್ಷಿಕೆಯನ್ನು ಓದದೆ ಮುಂದೆ ಹೋಗಬೇಡಿ.

ಮೇಲಿನ ಎಲ್ಲ ಸೂತ್ರಗಳೂ ಅಡ್ಡಕೊಯ್ತ ಬದಲಾಗದ, ಆಧಾರ ಕುಸಿಯದ ತೊಲೆಗೆ ಮಾತ್ರ ಸಲ್ಲುತ್ತವೆ. ತುದಿಗಳಲ್ಲಿ ದಪ್ಪವಾಗಿಸಿದ ತೊಲೆಯಲ್ಲಿ ಬಿಂದು ಭಾರದ ಮೂಲ ಸೂತ್ರವೇ ಬದಲಾಗುತ್ತದೆ. ಅಲ್ಲಿ ಬಾಗುವಿಕೆಯ ಬಿಗುವು ಉದ್ದಕ್ಕೂ ಹೇಗೆ ಬದಲಾಗುತ್ತದೆ ಎಂಬುದನ್ನು ಸೇರಿಸಿಕೊಂಡು ಹಂತ 2 ರಿಂದಲೇ ಹೊಸದಾಗಿ ಶುರು ಮಾಡಬೇಕು, ಹಂತ 4 ರ ಮೊತ್ತದ ಪರೀಕ್ಷೆಯನ್ನೂ ಅಂಥ ತೊಲೆಗೆ ಬಳಸುವಂತಿಲ್ಲ.